ರಿಪೋರ್ಟ್ ನಾರ್ಮಲ್ ಇದ್ದರೂ ಕೊಲೆಸ್ಟ್ರಾಲ್ ಗುಳಿಗೆ ಯಾಕೆ?

ಬಸವಕಲ್ಯಾಣ, ಹುಮನಾಬಾದ್ ಕಡೆಯ ದವಾಖಾನೆಗಳಲ್ಲಿ ಸಕ್ಕರೆ ಕಾಯಿಲೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: “ಸಾಹೇಬ್ರ, ಕೊಲೆಸ್ಟ್ರಾಲ್ ನಾರ್ಮಲ್ ಅದ ಅಂತ ರಿಪೋರ್ಟಿನ್ಯಾಗ ಬರ್ದಾರಲ್ರೀ, ಮತ್ತ ಈ ಗುಳಿಗಿ ಯಾಕ್ರೀ?” ಕೇಳಲೇಬೇಕಾದ ಪ್ರಶ್ನೆ ಇದು. ವೈದ್ಯಲೋಕವೂ ಇದಕ್ಕೆ ಉತ್ತರ ಕಂಡುಕೊಳ್ಳಲು ಸುಮಾರು ಮೂವತ್ತು ವರ್ಷ ತೆಗೆದುಕೊಂಡಿತು. ಆ ಮೂವತ್ತು ವರ್ಷಗಳ ಕಥೆಯನ್ನೇ ಇವತ್ತು ಹೇಳುತ್ತೇನೆ.

ಕಥೆ ಶುರುವಾಗುವುದು ಜಪಾನಿನಲ್ಲಿ. ರೈತರ ಮನೆಯಲ್ಲಿ ಹುಟ್ಟಿದ ಅಕಿರಾ ಎಂಡೋ ಎಂಬ ವಿಜ್ಞಾನಿ ಸಾವಿರಾರು ಬಗೆಯ ಬೂಷ್ಟುಗಳನ್ನು ಪರೀಕ್ಷಿಸುತ್ತಿದ್ದರು. ಯಕೃತ್ತು ಕೊಲೆಸ್ಟ್ರಾಲ್ ತಯಾರಿಸುವುದನ್ನು ತಡೆಯುವ ವಸ್ತು ಅವುಗಳಲ್ಲಿ ಎಲ್ಲಾದರೂ ಇದ್ದೀತೆಂಬುದು ಅವರ ಹುಡುಕಾಟ. ಕೊನೆಗೆ ಅದು ಸಿಕ್ಕಿದ್ದು ಕ್ಯೋಟೋದ ಅಂಗಡಿಯೊಂದರ ಅಕ್ಕಿಗೆ ಹಿಡಿದಿದ್ದ ನೀಲಿಹಸಿರು ಬೂಷ್ಟಿನಲ್ಲಿ. ಇಸವಿ 1973. ಇವತ್ತು ಸ್ಟ್ಯಾಟಿನ್ ಎಂದು ಕರೆಯುವ ಔಷಧಗಳ ಮೂಲ ಅದು. ಅವುಗಳಲ್ಲಿ ಮೊದಲನೆಯದು 1987ರಲ್ಲಿ ಅಮೆರಿಕದ ಔಷಧ ಅಂಗಡಿಗೆ ಬಂತು. ಆಗ ಅದನ್ನು ಕೊಡುತ್ತಿದ್ದುದು ಕೊಲೆಸ್ಟ್ರಾಲ್ ತೀರ ಏರಿದವರಿಗೆ ಮಾತ್ರ. ಅಂಕಿ ಏರಿದರೆ ಗುಳಿಗೆ, ಇಳಿದರೆ ಬೇಡ ಎನ್ನುವುದೇ ಆ ಕಾಲದ ಲೆಕ್ಕವಾಗಿತ್ತು.

ಆ ಲೆಕ್ಕವನ್ನು ಅಲುಗಾಡಿಸಿದ್ದು 1998ರಲ್ಲಿ ಫಿನ್‌ಲೆಂಡಿನಿಂದ ಬಂದ ಒಂದು ವರದಿ. ಒಮ್ಮೆಯೂ ಹೃದಯಾಘಾತ ಆಗದ ಸಕ್ಕರೆ ಕಾಯಿಲೆಯವರನ್ನು, ಸಕ್ಕರೆ ಕಾಯಿಲೆ ಇಲ್ಲದೆ ಆಗಲೇ ಹೃದಯಾಘಾತ ಆದವರ ಜೊತೆ ಏಳು ವರ್ಷ ಹೋಲಿಸಿ ನೋಡಿದರು. ಮುಂದೆ ಹೃದಯಾಘಾತವಾಗುವ ಸಂಭವ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ, ನೂರಕ್ಕೆ ಇಪ್ಪತ್ತರ ಆಸುಪಾಸು. ಎಲ್ಲ ಸಕ್ಕರೆ ರೋಗಿಗಳಿಗೂ ಅಪಾಯ ಅಷ್ಟೇ ಇರುವುದಿಲ್ಲ ಎಂದು ಆಮೇಲಿನ ಅಧ್ಯಯನಗಳು ತಿದ್ದಿದವು, ಅದನ್ನೂ ಹೇಳಬೇಕು. ಆದರೆ ಒಂದು ಅನುಮಾನ ಆಗಲೇ ಹುಟ್ಟಿತ್ತು: ರಕ್ತನಾಳಕ್ಕೆ ಆಗುವ ಪೆಟ್ಟು ಕೊಲೆಸ್ಟ್ರಾಲಿನ ಒಂದೇ ಅಂಕಿಯಲ್ಲಿ ಕಾಣುವುದಿಲ್ಲ.

ಈ ಅನುಮಾನಕ್ಕೆ ನೇರ ಉತ್ತರ ಕೊಟ್ಟದ್ದು ಕಾರ್ಡ್ಸ್ ಎಂಬ ಪ್ರಯೋಗ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ತಿರುವು ಅದೇ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಎರಡನೇ ಬಗೆಯ ಸಕ್ಕರೆ ಕಾಯಿಲೆ ಇದ್ದ 2838 ಜನರನ್ನು ಆರಿಸಿದರು. ವಯಸ್ಸು 40ರಿಂದ 75. ಯಾರಿಗೂ ಹೃದಯದ ಕಾಯಿಲೆ ಇರಲಿಲ್ಲ, ಲಕ್ವಾ ಹೊಡೆದಿರಲಿಲ್ಲ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಕೂಡ ಹೆಚ್ಚೇನಿರಲಿಲ್ಲ, ಸರಾಸರಿ 117. ಆದರೆ ಪ್ರತಿಯೊಬ್ಬರಿಗೂ ಬಿಪಿ, ಧೂಮಪಾನ, ಕಣ್ಣಿನ ಪರದೆಯ ತೊಂದರೆ, ಮೂತ್ರದಲ್ಲಿ ಪ್ರೋಟೀನ್ ಇವುಗಳಲ್ಲಿ ಒಂದಾದರೂ ಇತ್ತು. ಅರ್ಧ ಜನರಿಗೆ ದಿನಕ್ಕೆ 10 ಮಿಲಿಗ್ರಾಂ ಅಟೋರ್ವಾಸ್ಟ್ಯಾಟಿನ್, ಉಳಿದರ್ಧ ಜನರಿಗೆ ಹಾಗೇ ಕಾಣುವ, ಔಷಧವಿಲ್ಲದ ಗುಳಿಗೆ. ಗುಳಿಗೆಯ ಫಲ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಎರಡು ವರ್ಷ ಮೊದಲೇ ನಿಲ್ಲಿಸಿದರು. 2004ರಲ್ಲಿ ಅಚ್ಚಾದ ಫಲಿತಾಂಶದ ಪ್ರಕಾರ, ಹೃದಯಾಘಾತ, ಲಕ್ವಾದಂತಹ ದೊಡ್ಡ ಘಟನೆಗಳು ಔಷಧವಿಲ್ಲದ ಗುಂಪಿನಲ್ಲಿ 127 ಮಂದಿಗೆ ಆದರೆ ಸ್ಟ್ಯಾಟಿನ್ ಗುಂಪಿನಲ್ಲಿ 83 ಮಂದಿಗೆ. ಲಕ್ವಾ ಒಂದೇ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಶುರುವಿನಲ್ಲಿ ಎಲ್‌ಡಿಎಲ್ ಕಡಿಮೆ ಇದ್ದವರಿಗೂ ಹೆಚ್ಚಿದ್ದವರಿಗೂ ಲಾಭ ಒಂದೇ ಪ್ರಮಾಣದಲ್ಲಿ ಸಿಕ್ಕಿತು ಎಂಬುದು ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ.

ಹೀಗಾಗಲು ಕಾರಣವೇನು? ಲ್ಯಾಬಿನವರು ಎಲ್‌ಡಿಎಲ್ ಎಂದು ಬರೆಯುವುದು ಆ ಕಣಗಳು ಹೊತ್ತ ಕೊಲೆಸ್ಟ್ರಾಲಿನ ತೂಕ, ಕಣಗಳ ಎಣಿಕೆ ಅಲ್ಲ. ಒಂದು ಲಾರಿಯಲ್ಲಿ ಹೋಗುವ ತೊಗರಿಯನ್ನೇ ಹದಿನೈದು ಟಂಟಂಗಳಲ್ಲಿ ತುಂಬಿ ಕಳಿಸಿದರೆ ತೂಕ ಅಷ್ಟೇ, ರಸ್ತೆಯ ಮೇಲಿನ ಗಾಡಿಗಳು ಮಾತ್ರ ಹದಿನೈದು ಪಟ್ಟು. ಸಕ್ಕರೆ ಕಾಯಿಲೆಯಲ್ಲಿ ಟ್ರೈಗ್ಲಿಸರೈಡ್ ಏರಿ ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿದಾಗ ಎಲ್‌ಡಿಎಲ್ ಕಣಗಳೂ ಚಿಕ್ಕವಾಗುತ್ತವೆ, ಅವುಗಳ ಸಂಖ್ಯೆ ಹೆಚ್ಚುತ್ತದೆ. ರಕ್ತನಾಳದ ಗೋಡೆಯೊಳಗೆ ನುಸುಳಿ ಕೂರುವುದು ಈ ಕಣಗಳೇ.

ಇದನ್ನು ನಮ್ಮ ಊರಿನ ಒಂದು ರಿಪೋರ್ಟಿಗೆ ಹೊಂದಿಸಿ ನೋಡೋಣ. ಬಸವಕಲ್ಯಾಣದ ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುವ 52 ವರ್ಷದ ಒಬ್ಬರು ಅಂತ ಇಟ್ಟುಕೊಳ್ಳಿ. ಏಳು ವರ್ಷದಿಂದ ಶುಗರ್, ಜೊತೆಗೆ ಬಿಪಿ. ಒಟ್ಟು ಕೊಲೆಸ್ಟ್ರಾಲ್ 180, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 270. ಎಷ್ಟೋ ಲ್ಯಾಬುಗಳಲ್ಲಿ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕಿ ಬರೆಯುತ್ತಾರೆ: ಒಟ್ಟಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುವುದು. 180ರಲ್ಲಿ 34 ಹೋಗಿ, 54 ಹೋಗಿ ಉಳಿದದ್ದು 92. ನೂರರೊಳಗಿದೆ, ಪಕ್ಕದಲ್ಲಿ ನಾರ್ಮಲ್ ಎಂದು ಬಿತ್ತು. ಟ್ರೈಗ್ಲಿಸರೈಡ್ ಹೆಚ್ಚಿದಷ್ಟೂ ಈ ಲೆಕ್ಕ ಸಡಿಲವಾಗುತ್ತದೆ, 400 ದಾಟಿದರೆ ನಂಬುವಂತೆಯೇ ಇಲ್ಲ. ಈಗ ಒಟ್ಟಿನಿಂದ ಎಚ್‌ಡಿಎಲ್ ಒಂದನ್ನೇ ಕಳೆಯಿರಿ, 146 ಬರುತ್ತದೆ. ರಕ್ತನಾಳ ಕೆಡಿಸುವ ಎಲ್ಲ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿ ಸೇರಿರುತ್ತದೆ. ಇಂಥವರಿಗೆ ಇದು ನೂರರ ಒಳಗಿರಬೇಕು. ಮನೆಯಲ್ಲೇ ಕುಳಿತು ಮಾಡಬಹುದಾದ ಕಳೆಯುವ ಲೆಕ್ಕ, ಖರ್ಚೂ ಇಲ್ಲ.

ಇವರಿಗೆ ಸ್ಟ್ಯಾಟಿನ್ ಬೇಕು. 146 ಬಂತೆಂದು ಮಾತ್ರವಲ್ಲ, ವಯಸ್ಸು 40 ದಾಟಿದೆ, ಸಕ್ಕರೆ ಕಾಯಿಲೆ ಇದೆ ಎಂಬ ಕಾರಣಕ್ಕೇ ಬೇಕು. ಇವತ್ತಿನ ವೈದ್ಯಕೀಯ ಸೂಚನೆ 40ರಿಂದ 75ರ ನಡುವಿನ ಸಕ್ಕರೆ ರೋಗಿಗಳಿಗೆಲ್ಲ, ಎಲ್‌ಡಿಎಲ್ ಎಷ್ಟೇ ಇರಲಿ, ಮಧ್ಯಮ ಪ್ರಮಾಣದ ಸ್ಟ್ಯಾಟಿನ್ ಎನ್ನುತ್ತದೆ: ಅಟೋರ್ವಾಸ್ಟ್ಯಾಟಿನ್ ಆದರೆ 10 ಅಥವಾ 20 ಮಿಲಿಗ್ರಾಂ. ಬಿಪಿಯಂಥ ಬೇರೆ ಅಪಾಯ ಸೇರಿದವರಿಗೆ ಇನ್ನೂ ಬಲವಾದ ಪ್ರಮಾಣ ಕೊಟ್ಟು ಎಲ್‌ಡಿಎಲ್ ಅನ್ನು 70ರ ಕೆಳಗೆ ತರುತ್ತಾರೆ. ಆಗಲೇ ಹೃದಯಾಘಾತ ಅಥವಾ ಲಕ್ವಾ ಆದವರಲ್ಲಿ ಗುರಿ 55ರ ಕೆಳಗೆ. ನಲವತ್ತು ತುಂಬದವರಲ್ಲಿ ಕಾಯಿಲೆ ಹಳೆಯದಾಗಿದ್ದರೆ, ಕಣ್ಣು ಕಿಡ್ನಿಗೆ ತಟ್ಟಿದ್ದರೆ, ವೈದ್ಯರು ಯೋಚಿಸಿ ಕೊಡುತ್ತಾರೆ. ಸಕ್ಕರೆ ಕಾಯಿಲೆ ಇರುವ 40 ದಾಟಿದವರಲ್ಲಿ ನೂರಕ್ಕೆ 60 ಮಂದಿಗಾದರೂ 2030ರೊಳಗೆ ಸ್ಟ್ಯಾಟಿನ್ ಸಿಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಗುರಿ ಇಟ್ಟಿತು.

ಕೆಡುವುದು ಹೆಚ್ಚಾಗಿ ಎರಡನೇ ರಿಪೋರ್ಟಿನ ಹೊತ್ತಿಗೆ. ಎರಡು ಮೂರು ತಿಂಗಳಿಗೆ ಎಲ್‌ಡಿಎಲ್ 55ಕ್ಕೆ ಇಳಿಯುತ್ತದೆ, ಇನ್ನು ಸಾಕೆಂದು ಗುಳಿಗೆ ಬಿಡುತ್ತಾರೆ, ಕೆಲವೇ ವಾರಗಳಲ್ಲಿ ಅದು ಹಳೆಯ ಜಾಗಕ್ಕೇ ಹೋಗಿ ನಿಲ್ಲುತ್ತದೆ. 92 ಇದ್ದದ್ದು ಮೂರು ತಿಂಗಳಾದರೂ 88 ಇದ್ದರೆ ಪ್ರಮಾಣ ಏರಿಸುವ ಮೊದಲು ಗುಳಿಗೆ ದಿನವೂ ಹೊಟ್ಟೆಗೆ ಹೋಗಿದೆಯೇ ಎಂದು ಕೇಳಬೇಕು.

ಇನ್ನು ಅಂಜಿಕೆಯ ಮಾತು. ಸ್ಟ್ಯಾಟಿನ್ ಸಕ್ಕರೆಯನ್ನು ತುಸು ಏರಿಸುತ್ತದೆ, ನಿಜ. ಆದರೆ ಆ ಏರಿಕೆ ಬಹಳ ಸಣ್ಣದು, ತಪ್ಪುವ ಹೃದಯಾಘಾತಗಳ ಮುಂದೆ ಅದು ಗಣನೆಗೆ ಬರುವುದಿಲ್ಲ. ಮೈಕೈ ನೋವಿನ ಬಗ್ಗೆ 2020ರಲ್ಲಿ ಲಂಡನ್ನಿನಿಂದ ಒಂದು ವರದಿ ಬಂತು. ನೋವಿನಂಥ ತೊಂದರೆಯಿಂದ ಸ್ಟ್ಯಾಟಿನ್ ಬಿಟ್ಟಿದ್ದವರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧವಿಲ್ಲದ ಗುಳಿಗೆ ಕೊಟ್ಟರೆ, ತೊಂದರೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ಔಷಧವಿಲ್ಲದ ಗುಳಿಗೆಯಲ್ಲೂ ಕಾಣಿಸಿತು. ನೋವೇ ಸುಳ್ಳು ಎಂದು ಇದರರ್ಥವಲ್ಲ. ಎರಡೂ ತೊಡೆ, ಭುಜ ಸೋತು ಹೋಗಿ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಗುಳಿಗೆ ನಿಲ್ಲಿಸಿ ಅವತ್ತೇ ದವಾಖಾನೆಗೆ ಹೋಗಬೇಕು. ಬರೀ ನೋವಾದರೆ ವೈದ್ಯರಿಗೆ ತಿಳಿಸಿ, ಪ್ರಮಾಣ ಇಳಿಸುವುದು, ಬೇರೆ ಸ್ಟ್ಯಾಟಿನ್‌ಗೆ ಬದಲಿಸುವುದು, ದಾರಿಗಳಿವೆ.

ಈ ಗುಳಿಗೆ ಹೊಂದದವರೂ ಇದ್ದಾರೆ. ಗರ್ಭಿಣಿಯರು ಮತ್ತು ಮಗು ಬೇಕೆಂದಿರುವವರು ವೈದ್ಯರಿಗೆ ಮೊದಲೇ ಹೇಳಬೇಕು, ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಡಯಾಲಿಸಿಸ್ ಹಂತ ಮುಟ್ಟಿದ ಮೇಲೆ ಹೊಸದಾಗಿ ಶುರುಮಾಡಿದರೆ ಹೇಳಿಕೊಳ್ಳುವ ಲಾಭ ಸಿಗುವುದಿಲ್ಲ ಎಂದು 2005ರಲ್ಲಿ ಜರ್ಮನಿಯ ಪ್ರಯೋಗವೊಂದು ತೋರಿಸಿತು. ಆದ್ದರಿಂದ ಮೂತ್ರದಲ್ಲಿ ಪ್ರೋಟೀನ್ ಮೊದಲ ಸಲ ಕಂಡಾಗಲೇ ಕೊಲೆಸ್ಟ್ರಾಲ್ ಗುಳಿಗೆಯ ಮಾತನ್ನೂ ವೈದ್ಯರ ಹತ್ತಿರ ಎತ್ತಿ.