ಕಚೇರಿಗೆ ಮರಳುವ ಆದೇಶ: ಖರ್ಚು ಯಾರ ಲೆಕ್ಕಕ್ಕೆ?



ಈ ಸಂಕಿರಣದ ವಿಷಯವನ್ನು ಮನೆ ಮೇಲೋ ಕಚೇರಿ ಮೇಲೋ ಎಂಬ ಪಂದ್ಯವನ್ನಾಗಿ ಮಾಡಿಕೊಂಡರೆ ನಮಗೇನೂ ದಕ್ಕುವುದಿಲ್ಲ. ಜನ ಒಂದೆಡೆ ಸೇರಿ ಕೆಲಸ ಮಾಡುವುದರಿಂದ ಲಾಭವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ಸೇರುವುದಕ್ಕೆ ಖರ್ಚೂ ಇದೆ. ಈಗಿನ ಆದೇಶಗಳಲ್ಲಿ ಲಾಭ ಇಷ್ಟೆಂದು ತೋರಿಸುವ ಹೊಣೆ ಕಂಪನಿಯ ಮೇಲಿಲ್ಲ, ಖರ್ಚು ಮಾತ್ರ ಪೂರ್ತಿಯಾಗಿ ನೌಕರರ ತಲೆಗೆ ಬಿದ್ದಿದೆ. ಪ್ರಯಾಣದ ಜಗಳ, ಮಕ್ಕಳ ಜಗಳ, ನಂಬಿಕೆಯ ಜಗಳ ಎಂದು ಬೇರೆ ಬೇರೆಯಾಗಿ ಕಾಣುವ ಮೂರೂ ಈ ಒಂದೇ ಏರುಪೇರಿನಿಂದ ಹುಟ್ಟಿವೆ ಎಂಬುದು ನನ್ನ ವಾದ.

ಮೊದಲು ರಸ್ತೆ. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ ಬೇಕು. ಕಚೇರಿಯಿಂದ 20 ಕಿಲೋಮೀಟರ್ ದೂರದಲ್ಲಿ ಮನೆ ಮಾಡಿದವರಿಗೆ, ಅಂದರೆ ಬಾಡಿಗೆ ಕೈಗೆಟುಕುವ ಕಡೆ ಇರುವವರಿಗೆ, ಹೋಗಿ ಬರಲು ದಿನಕ್ಕೆ ಎರಡೂಕಾಲು ಗಂಟೆ. ತಿಂಗಳಿಗೆ 20 ದಿನವೆಂದರೆ 45 ಗಂಟೆ. ದಿನಕ್ಕೆ ಒಂಬತ್ತು ಗಂಟೆಯಂತೆ ಐದು ದಿನದ ದುಡಿಮೆ ಅದು, ಸಂಬಳವಿಲ್ಲದ್ದು. ಇಷ್ಟಾಗಿ ಇದು ಇಡೀ ದಿನದ ಸರಾಸರಿ. ಸಂಜೆ ಆರರ ಔಟರ್ ರಿಂಗ್ ರೋಡಿನ ಲೆಕ್ಕವಲ್ಲ. 2020ಕ್ಕೆ ಮೊದಲು ಎಲ್ಲರೂ ಬರುತ್ತಿರಲಿಲ್ಲವೇ, ಈಗೇನು ಹೊಸದು ಎಂದು ಕೇಳುವವರಿದ್ದಾರೆ. ಬರುತ್ತಿದ್ದರು, ನಿಜ. ಆಗ ಬೇರೆ ದಾರಿಯಿದೆ ಎಂದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಆಮೇಲೆ ಎರಡು ಮೂರು ವರ್ಷ ಅದೇ ಕೆಲಸ ಮನೆಯಿಂದ ನಡೆಯಿತು, ಕಂಪನಿಗಳು ಗ್ರಾಹಕರಿಗೆ ಬಿಲ್ಲನ್ನೂ ಕಳಿಸಿದವು. ಹಣೆಬರಹ ಎಂದುಕೊಂಡಿದ್ದ ಪ್ರಯಾಣ ಈಗ ಯಾರದೋ ತೀರ್ಮಾನವಾಗಿ ಕಾಣುತ್ತಿದೆ. ತೀರ್ಮಾನವೆಂದ ಮೇಲೆ ಜನ ಕಾರಣ ಕೇಳುತ್ತಾರೆ. ಜತೆಗೆ ಟೀಮ್‌ಗಳ ಸ್ವರೂಪವೂ ಬದಲಾಗಿದೆ. ಒಬ್ಬರು ಪುಣೆಯಲ್ಲಿ, ಒಬ್ಬರು ಚೆನ್ನೈಯಲ್ಲಿ, ಗ್ರಾಹಕ ಅಮೆರಿಕದಲ್ಲಿ. ಸಿಲ್ಕ್ ಬೋರ್ಡ್ ದಾಟಿ ಬಂದವರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮನೆಯಲ್ಲಿ ಕೂತು ಮಾಡಬಹುದಾಗಿದ್ದ ಕಾಲ್‌ಗಳನ್ನೇ ಮಾಡುತ್ತಾರೆ.

ಈ ಎರಡೂಕಾಲು ಗಂಟೆ ಎಲ್ಲರಿಗೂ ಒಂದೇ ತೂಕದ್ದಲ್ಲ. ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ 2024ರ ವರದಿಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಮಕ್ಕಳ ಆರೈಕೆಯ ಲೆಕ್ಕ ಇದರ ಹೊರಗಿದೆ. ಆದೇಶದ ಪತ್ರದಲ್ಲಿ ಗಂಡು ಹೆಣ್ಣೆಂಬ ಭೇದ ಇರುವುದಿಲ್ಲ, ಅದು ಹೋಗಿ ಬೀಳುವ ಜಾಗದಲ್ಲಿ ಇರುತ್ತದೆ. ಇದಕ್ಕೆ ಆಡಳಿತದವರ ಸಿದ್ಧ ಉತ್ತರ ಶಿಶುಪಾಲನಾ ಕೇಂದ್ರ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಈ ಕೇಂದ್ರವನ್ನು ಕಡ್ಡಾಯ ಮಾಡಿತು. ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಬಹುದು ಎಂದಿತು. ಒಳ್ಳೆಯ ಕಾನೂನು. ಆದರೆ ಕೇಂದ್ರ ಇರುವುದು ಕಚೇರಿಯ ಪಕ್ಕದಲ್ಲಿ. ಎಂದರೆ ಅಮ್ಮನ ಜತೆ ಹತ್ತು ತಿಂಗಳ ಕೂಸೂ ದಿನಾ ಎರಡೂಕಾಲು ಗಂಟೆ ಕ್ಯಾಬಿನಲ್ಲಿ ಕೂರಬೇಕು. ಮನೆ ಹತ್ತಿರದ ಡೇಕೇರ್‌ಗೆ ಬಿಟ್ಟರೆ ಅದು ಬಾಗಿಲು ಹಾಕುವ ಹೊತ್ತಿಗೆ ಅಮ್ಮ ಇನ್ನೂ ಮಾರತಹಳ್ಳಿಯಲ್ಲಿರುತ್ತಾಳೆ. ಆರು ವರ್ಷ ದಾಟಿದ, ಮಧ್ಯಾಹ್ನ ಮೂರಕ್ಕೆ ಶಾಲೆಯ ವ್ಯಾನಿನಿಂದ ಇಳಿಯುವ ಮಗುವಿಗಂತೂ ಈ ಸವಲತ್ತು ಇಲ್ಲವೇ ಇಲ್ಲ. ಊರಿನಿಂದ ಅಜ್ಜಿ ಬಂದು ಇರಬೇಕು. ಅದೇ ತಿದ್ದುಪಡಿಯ ಇನ್ನೊಂದು ಅಂಶವನ್ನು ಯಾರೂ ಎತ್ತುವುದಿಲ್ಲ. ಕೆಲಸದ ಸ್ವರೂಪ ಒಪ್ಪುವುದಾದರೆ ಹೆರಿಗೆ ರಜೆಯ ನಂತರ ಮನೆಯಿಂದ ಕೆಲಸ ಮಾಡಲು ಮಾಲೀಕರೂ ತಾಯಿಯೂ ಸೇರಿ ಷರತ್ತು ಗೊತ್ತುಮಾಡಿಕೊಳ್ಳಬಹುದು ಎಂದು ಅದು ಹೇಳಿತು. ಕೋವಿಡ್ ಬರುವ ಮೊದಲೇ ನಮ್ಮ ಸಂಸತ್ತು ಒಬ್ಬೊಬ್ಬರ ಕೆಲಸ ನೋಡಿ ತೀರ್ಮಾನಿಸಿ ಎಂದಿತ್ತು.

ಇನ್ನು ನಂಬಿಕೆ. ಇಲ್ಲಿ ಆಡಳಿತದವರ ದೂರು ಹುಸಿಯಲ್ಲ. 2022ರ ಸೆಪ್ಟೆಂಬರ್‌ನಲ್ಲಿ, ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ತೆಗೆದುಹಾಕಿದ್ದೇವೆ ಎಂದು ವಿಪ್ರೋ ಅಧ್ಯಕ್ಷರು ಬಹಿರಂಗವಾಗಿ ಹೇಳಿದರು. ರೋಗ ನಿಜ. ಮದ್ದು ಯಾವುದು? 2024ರ ಏಪ್ರಿಲ್‌ನಲ್ಲಿ ಟಿಸಿಎಸ್ ತಂದ ಪದ್ಧತಿ ನೋಡಿ: ಹಾಜರಾತಿ ಶೇ 60ಕ್ಕಿಂತ ಕಡಿಮೆಯಾದರೆ ವೇರಿಯಬಲ್ ಪೇ ಇಲ್ಲ, 60ರಿಂದ 75ರವರೆಗೆ ಅದರ ಅರ್ಧ, 75ರಿಂದ 85ರವರೆಗೆ ಮುಕ್ಕಾಲು, 85 ದಾಟಿದರೆ ಪೂರ್ತಿ. ಕೆಲಸದ ಫಲಕ್ಕೆ ಕೊಡುವ ಹಣಕ್ಕೆ ಕಚೇರಿಗೆ ಕಾಲಿಟ್ಟ ದಿನಗಳ ಲೆಕ್ಕವೂ ಸೇರಿತು. ಅಳೆಯುವುದೇ ಸ್ವೈಪ್ ಆದರೆ ಜನ ಸ್ವೈಪನ್ನೇ ಕೊಡುತ್ತಾರೆ. ಕಾರ್ಡ್ ತೋರಿಸಿ, ಒಂದು ಕಾಫಿ ಕುಡಿದು ಮನೆಗೆ ಹೊರಟವರನ್ನು ಹಿಡಿಯಲು ಕನಿಷ್ಠ ಗಂಟೆಗಳ ನಿಯಮ ಬರುತ್ತದೆ. ಅದನ್ನು ಮುರಿಯದಂತೆ ನೋಡಲು ಇನ್ನೊಂದು ವರದಿ, ಮ್ಯಾನೇಜರ್‌ಗೆ ಇನ್ನೊಂದು ಮೇಲ್. ಇಷ್ಟರಲ್ಲಿ ಎರಡನೇ ನೌಕರಿ ಮಾಡುವವನು ಸಿಕ್ಕಿಬಿದ್ದನೇ? ಅವನು ಎಲ್ಲರಿಗಿಂತ ಮೊದಲು ಸ್ವೈಪ್ ಮಾಡುತ್ತಾನೆ.

ಎದುರಿನ ಸಾಕ್ಷ್ಯವನ್ನೂ ಇಡುತ್ತೇನೆ. ಚೆನ್ನೈನಲ್ಲಿ ಡೇಟಾ ಎಂಟ್ರಿ ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ಚೀಟಿ ಎತ್ತಿದಂತೆ ಮನೆಗೂ ಕಚೇರಿಗೂ ಹಂಚಿ ಡೇವಿಡ್ ಆಟ್ಕಿನ್, ಆಂಟೊನೆಟ್ ಶೋಅರ್, ಸುಮಿತ್ ಶಿಂಧೆ ಅಧ್ಯಯನ ಮಾಡಿದರು. ಮನೆಯಲ್ಲಿದ್ದವರ ಉತ್ಪಾದಕತೆ ಶೇ 18ರಷ್ಟು ಕಡಿಮೆಯಿತ್ತು. ಅಮೆರಿಕದ ಒಂದು ದೊಡ್ಡ ಕಂಪನಿಯಲ್ಲಿ ಎಮ್ಯಾನುಯೆಲ್, ಹ್ಯಾರಿಂಗ್ಟನ್, ಪಲೈಸ್ ಎಂಬ ಅರ್ಥಶಾಸ್ತ್ರಜ್ಞೆಯರು, ಒಂದೇ ಕಟ್ಟಡದಲ್ಲಿದ್ದ ಎಂಜಿನಿಯರ್‌ಗಳಿಗೆ ತಮ್ಮ ಕೋಡ್ ಮೇಲೆ ಸಹೋದ್ಯೋಗಿಗಳಿಂದ ಹೆಚ್ಚು ಸಲಹೆ ಸಿಗುತ್ತಿತ್ತೆಂದು ಕಂಡರು. ಹೊಸಬರಿಗೆ, ಹೆಂಗಸರಿಗೆ ಇದರ ಲಾಭ ಹೆಚ್ಚು. ಎರಡನ್ನೂ ನಾನು ಒಪ್ಪುತ್ತೇನೆ. ಆದರೆ ಇವು ಹೇಳುವುದೇನು? ಹೊಸಬರ ಪಕ್ಕ ಹಿರಿಯರು ಕೂರಬೇಕು ಎಂದು. ಆ ಅಮೆರಿಕದ ಅಧ್ಯಯನದಲ್ಲೇ, ಟೀಮಿನ ಒಬ್ಬರು ಬೇರೆ ಕಟ್ಟಡದಲ್ಲಿದ್ದರೂ ಉಳಿದವರ ನಡುವಿನ ಸಲಹೆಗಳು ಕುಗ್ಗಿದವು. ಹಾಗಿದ್ದ ಮೇಲೆ ಮೂರು ನಗರಗಳಲ್ಲಿ ಹರಡಿರುವ ಟೀಮನ್ನು ಮೂರು ಕಚೇರಿಗಳಿಗೆ ಕರೆಸಿದರೆ ಕಲಿಕೆಯ ಲಾಭ ಎಲ್ಲಿಂದ ಬರಬೇಕು? ಅಲ್ಲಿ ಪ್ರಯಾಣದ ಖರ್ಚೊಂದೇ ಉಳಿಯುತ್ತದೆ.

ಇದಕ್ಕಿಂತ ಚೆನ್ನಾಗಿ ನಡೆದ ಪ್ರಯೋಗವೊಂದಿದೆ. ಚೀನಾದ ಪ್ರವಾಸ ಸಂಸ್ಥೆ ಟ್ರಿಪ್.ಕಾಮ್ 1,612 ನೌಕರರನ್ನು ಹುಟ್ಟಿದ ತಾರೀಖು ಬೆಸವೋ ಸಮವೋ ನೋಡಿ ಎರಡು ಪಾಲು ಮಾಡಿತು. ಒಂದು ಪಾಲಿಗೆ ಬುಧವಾರ, ಶುಕ್ರವಾರ ಮನೆಯಿಂದ ಕೆಲಸ, ಇನ್ನೊಂದಕ್ಕೆ ಐದೂ ದಿನ ಕಚೇರಿ. ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು: ಎರಡು ವರ್ಷದ ಅಪ್ರೈಸಲ್‌ನಲ್ಲಿ ವ್ಯತ್ಯಾಸವಿಲ್ಲ, ಕೆಲಸ ಬಿಟ್ಟುಹೋಗುವವರು ಮೂರನೇ ಒಂದರಷ್ಟು ಕಡಿಮೆ. ಹಾಗೆ ಉಳಿದುಕೊಂಡವರಲ್ಲಿ ಮುಖ್ಯವಾದವರು ಹೆಂಗಸರು, ದೂರದಿಂದ ಬರುವವರು, ಮ್ಯಾನೇಜರ್ ಹುದ್ದೆಯಲ್ಲಿಲ್ಲದವರು. ಪ್ರಯೋಗಕ್ಕೆ ಮೊದಲು ಮ್ಯಾನೇಜರ್‌ಗಳು ಉತ್ಪಾದಕತೆ ಶೇ 2.6 ಕುಸಿಯುತ್ತದೆ ಎಂದು ಅಂದಾಜಿಸಿದ್ದರು. ಮುಗಿದ ಮೇಲೆ ಅವರ ಅಂದಾಜೇ ಶೇ 1ರ ಏರಿಕೆಗೆ ತಿರುಗಿತ್ತು. ಭಾಷಣಗಳಿಂದ ಬರದ ನಂಬಿಕೆ ಅಲ್ಲಿ ಅಳತೆಯಿಂದ ಬಂತು. ಮಿತಿಯನ್ನೂ ಹೇಳಿಬಿಡಬೇಕು: ಇದು ವಾರಕ್ಕೆ ಎರಡು ದಿನದ ಮಾತು, ಐದೂ ದಿನ ಮನೆಯಲ್ಲಿರುವುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಇಲ್ಲಿ ಕೂತಿರುವ ಎಚ್‌ಆರ್ ಮುಖ್ಯಸ್ಥರ ಹತ್ತಿರ ಸ್ವೈಪ್‌ನ ದತ್ತಾಂಶ ಇದೆ, ರಾಜೀನಾಮೆಗಳ ಪಟ್ಟಿ ಇದೆ, ಯಾರ ಪಿನ್‌ಕೋಡ್ ಯಾವುದೆಂಬ ಮಾಹಿತಿಯೂ ಇದೆ. ಮೂರನ್ನೂ ಹೆಸರು ತೆಗೆದು, ಟೀಮುವಾರು ಜೋಡಿಸಿ, ಆದೇಶಕ್ಕೆ ಮೊದಲಿನ ಆರು ತಿಂಗಳು ಮತ್ತು ನಂತರದ ಆರು ತಿಂಗಳನ್ನು ಅಕ್ಕಪಕ್ಕ ಇಟ್ಟು ನೌಕರರ ಮುಂದೆ ತೆರೆಯಲು ಎಷ್ಟು ಕಂಪನಿಗಳು ಸಿದ್ಧವಿವೆ? ಮಧ್ಯಾಹ್ನದ ಗೋಷ್ಠಿ ಈ ಪ್ರಶ್ನೆಯಿಂದಲೇ ಶುರುವಾಗಲಿ ಎಂದು ಕೇಳಿಕೊಳ್ಳುತ್ತೇನೆ.