ನಗುಮುಖದ ಅಳತೆಗೋಲು



ಬ್ಯಾಂಕಿನಿಂದ, ಆಸ್ಪತ್ರೆಯಿಂದ, ವಿಮಾನನಿಲ್ದಾಣದಿಂದ ಹೊರಬರುವಾಗ ಐದು ಪುಟ್ಟ ಮುಖಗಳು ನಮ್ಮ ದಾರಿ ಕಾಯುತ್ತಿರುವುದನ್ನು ನೀವು ಕಂಡಿದ್ದೀರಿ. ಎಡತುದಿಯ ಮುಖ ಅಳುತ್ತಿರುತ್ತದೆ, ಬಲತುದಿಯದು ಬಾಯ್ತುಂಬ ನಗುತ್ತಿರುತ್ತದೆ. ನಮ್ಮ ಸೇವೆ ಹೇಗಿತ್ತು, ಒಂದು ಮುಖವನ್ನು ಒತ್ತಿ ಎಂದು ಕೇಳುತ್ತಾರೆ. ಮೊಬೈಲಿನ ಎಮೋಜಿಗಳು ಬಂದಮೇಲೆ ಈ ಪದ್ಧತಿ ಎಲ್ಲೆಡೆ ಹಬ್ಬಿತಾದರೂ ಇದು ಹೊಸದೇನಲ್ಲ. ಅಮೆರಿಕದ ಥಿಯೊಡೋರ್ ಕ್ಯೂನಿನ್ ಎಂಬವರು 1955ರಲ್ಲಿಯೇ ಕೆಲಸಗಾರರಿಗೆ ತಮ್ಮ ಉದ್ಯೋಗದಲ್ಲಿ ಎಷ್ಟು ತೃಪ್ತಿ ಇದೆಯೆಂದು ತಿಳಿಯಲು ಮುಖಗಳ ಸಾಲೊಂದನ್ನು ರಚಿಸಿದ್ದರು. ಭಾವವನ್ನು ಮಾತಿಗೆ ತರ್ಜುಮೆ ಮಾಡುವಾಗ ಏನಾದರೂ ಸೋರಿಹೋಗುತ್ತದೆ. ಮುಖವನ್ನೇ ತೋರಿಸಿದರೆ ಆ ತರ್ಜುಮೆಯ ಕಷ್ಟವಿಲ್ಲ ಎಂಬುದು ಅವರ ವಾದವಾಗಿತ್ತು.

ವಾದ ಸೊಗಸಾಗಿದೆ. ಆದರೆ ತರ್ಜುಮೆ ತಪ್ಪಿತೆ? ನನಗೆ ಹಾಗೆನಿಸುವುದಿಲ್ಲ. ಚಿತ್ರವನ್ನು ಓದುವುದೂ ಓದುವುದೇ. ಅದನ್ನು ಮಗು ಓದುವ ಬಗೆ ಬೇರೆ, ಬೆಳೆದವರು ಓದುವ ಬಗೆ ಬೇರೆ.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಊರಿನ ಗ್ರಂಥಾಲಯದಲ್ಲಿ ಮಕ್ಕಳಿಗೆ ಪುಣ್ಯಕೋಟಿಯ ಕಥೆ ಹೇಳಿದರು. ಕಥೆ ಮುಗಿದ ಮೇಲೆ ಮುಖಗಳ ಚೀಟಿ ಹಂಚಿ, ಕಥೆ ಹೇಗಿತ್ತೆಂದು ಕೇಳಿದರು. ಏಳು ವರ್ಷದ ಹುಡುಗಿಯೊಬ್ಬಳು ಅಳುವ ಮುಖಕ್ಕೆ ಗುರುತು ಹಾಕಿದಳು. ಕಥೆ ಅವಳಿಗೆ ಹಿಡಿಸಲಿಲ್ಲವೆ? ಹಾಗಲ್ಲ, ಕರುವನ್ನು ಬಿಟ್ಟು ಹೊರಟ ತಾಯಿಯನ್ನು ಕಂಡು ಅವಳಿಗೆ ಅಳು ಬಂದಿತ್ತು, ಆ ಅಳುವನ್ನೇ ಅವಳು ಚೀಟಿಯಲ್ಲಿ ತೋರಿಸಿದಳು. ಪಕ್ಕದಲ್ಲಿ ಕುಳಿತು ಕಣ್ಣೊರೆಸಿಕೊಂಡ ಅಜ್ಜಿಯಾದರೋ ತುಂಬು ನಗುವಿನ ಮುಖವನ್ನೇ ಆರಿಸುತ್ತಾರೆ. ಕರುಣರಸವೂ ಆಸ್ವಾದ್ಯವೆಂಬುದನ್ನು ಅವರಿಗೆ ಯಾವ ಲಾಕ್ಷಣಿಕನೂ ಹೇಳಿಕೊಡಬೇಕಾಗಿಲ್ಲ. ಮಗು ತನ್ನ ಭಾವವನ್ನು ವರದಿ ಮಾಡಿತು. ಅಜ್ಜಿ ಕಥೆಗೆ ಬೆಲೆ ಕಟ್ಟಿದರು. ಲೆಕ್ಕ ಮಾಡುವವನ ಪುಸ್ತಕದಲ್ಲಿ ಮಾತ್ರ ಮಗುವಿನದು ಒಂದು, ಅಜ್ಜಿಯದು ಐದು.

ಯಾವುದನ್ನು ಅಳೆಯುತ್ತೇನೆಂದು ಅಳತೆಗೋಲು ಹೇಳುತ್ತದೆಯೋ ಅದನ್ನೇ ಅಳೆಯುತ್ತಿದೆಯೆ ಎಂಬ ಪ್ರಶ್ನೆಯನ್ನು ಶಿಕ್ಷಣಶಾಸ್ತ್ರದವರು ಸಪ್ರಮಾಣತೆಯ ಪ್ರಶ್ನೆ ಎನ್ನುತ್ತಾರೆ. ನಗುಮುಖದ ವಿಷಯದಲ್ಲಿ ಇದನ್ನು ಮೊದಲು ಗಂಭೀರವಾಗಿ ಕೆದಕಿದವರಲ್ಲಿ ಮಕ್ಕಳ ನೋವನ್ನು ಕುರಿತು ಅಧ್ಯಯನ ಮಾಡಿದವರು ಮುಖ್ಯರು. ಆಸ್ಪತ್ರೆಗಳಲ್ಲಿ ಮಕ್ಕಳಿಗೆ ತೋರಿಸುವ ಮುಖಗಳ ಸಾಲುಗಳಲ್ಲಿ ಎರಡು ಬಗೆಯುಂಟು. ಒಂದರಲ್ಲಿ ನೋವಿಲ್ಲದ ತುದಿಗೆ ನಗುವ ಮುಖವಿರುತ್ತದೆ. ಇನ್ನೊಂದರಲ್ಲಿ ಆ ತುದಿಗೆ ನಗುವೂ ಅಳುವೂ ಇಲ್ಲದ ಮುಖ. ಕೆನಡಾದ ಕ್ರಿಸ್ಟೀನ್ ಚೇಂಬರ್ಸ್ ಮತ್ತು ಕೆನೆತ್ ಕ್ರೇಗ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ಚಿಕ್ಕ ಚಿಕ್ಕ ಪ್ರಸಂಗಗಳನ್ನು ಹೇಳಿ, ಅಂಥ ಸ್ಥಿತಿಯಲ್ಲಿ ನೋವೆಷ್ಟು ಎಂದು ಈ ಸಾಲುಗಳಲ್ಲಿ ತೋರಿಸಲು ಹೇಳಿದರು. ನಗುಮುಖದಿಂದ ಆರಂಭವಾಗುವ ಸಾಲಿನಲ್ಲಿ, ನೋವೂ ಸಂಕಟವೂ ಒಟ್ಟಿಗಿದ್ದ ಪ್ರಸಂಗಕ್ಕೆ ಅಂಕ ಏರಿತು. ನೋವಿದ್ದೂ ಮನಸ್ಸು ಸಂತೋಷವಾಗಿದ್ದ ಪ್ರಸಂಗಕ್ಕೆ ಇಳಿಯಿತು. ಕಾರಣ ಸ್ಪಷ್ಟ. ಸೂಜಿಗೆ ಹೆದರಿ ಕುಳಿತ ಮಗುವಿಗೆ ನೋವಿಲ್ಲದಿರಬಹುದು, ಆದರೆ ನಗುವಂತೂ ಇಲ್ಲ. ನಗುವಿಲ್ಲದ ಮುಖ ಹುಡುಕುತ್ತ ಅದು ಪಕ್ಕದ ಮುಖಕ್ಕೆ ಸರಿಯುತ್ತದೆ. ವೈದ್ಯರು ಅದನ್ನು ನೋವೆಂದು ಬರೆದುಕೊಳ್ಳುತ್ತಾರೆ.

ಅಭಿಪ್ರಾಯ ಸಂಗ್ರಹದಲ್ಲಿ ಇದಕ್ಕೆ ವಿರುದ್ಧ ದಿಕ್ಕಿನ ತೊಡಕೂ ಒಂದಿದೆ. ಈ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಜಾನೆಟ್ ರೀಡ್ ಮತ್ತು ಅವರ ಸಂಗಡಿಗರು ಮಕ್ಕಳಿಗೆಂದೇ 'ಸ್ಮೈಲಿಯೋಮೀಟರ್' ಎಂಬ ಐದು ಮುಖಗಳ ಸಾಲನ್ನು ರೂಪಿಸಿದರು. ಪ್ರತಿ ಮುಖದ ಕೆಳಗೂ ಮಾತುಂಟು: ತೀರ ಕೆಟ್ಟದು, ಅಷ್ಟೇನೂ ಚೆನ್ನಾಗಿಲ್ಲ, ಚೆನ್ನಾಗಿದೆ, ತುಂಬ ಚೆನ್ನಾಗಿದೆ, ಅದ್ಭುತ. ಗಮನಿಸಿ, ನಡುವಿನ ಮುಖವೇ 'ಚೆನ್ನಾಗಿದೆ'. ಬೆಳೆದವರ ಸಾಲುಗಳಲ್ಲಿ ನಡುವಿನ ಮುಖಕ್ಕೆ ಸಾಮಾನ್ಯವಾಗಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬ ಅರ್ಥ. ಹಾಗಿದ್ದಮೇಲೆ ಮಕ್ಕಳ ಮೂರನ್ನೂ ದೊಡ್ಡವರ ಮೂರನ್ನೂ ಒಂದೇ ಕೋಷ್ಟಕದಲ್ಲಿ ಬರೆಯುವುದು ಸೇರನ್ನೂ ಮೊಳವನ್ನೂ ಕೂಡಿಸಿದಂತೆ.

ಇಷ್ಟಾಗಿಯೂ ಮಕ್ಕಳು, ಅದರಲ್ಲಿಯೂ ಚಿಕ್ಕವರು, ಬಹುಪಾಲು 'ಅದ್ಭುತ'ಕ್ಕೇ ಗುರುತು ಹಾಕುವರೆಂಬುದನ್ನು ಆ ಸಾಲನ್ನು ಬಳಸಿದವರು ಮತ್ತೆ ಮತ್ತೆ ಕಂಡಿದ್ದಾರೆ. ಕೇಳುತ್ತಿರುವ ಅಕ್ಕನ ಮನಸ್ಸು ನೋಯಬಾರದು. ನಗುವ ಚಿತ್ರವೇ ಅಂದವಾಗಿದೆ. ಅಳುವ ಮುಖಕ್ಕೆ ಗುರುತು ಹಾಕಿದರೆ ತಾನೇ ಕೆಟ್ಟ ಮಗುವಾದಂತೆ. ಹೀಗೆ ಕಾರಣಗಳು ಹಲವು ಇರಬಹುದು. ಪರಿಣಾಮವೇನೆಂದು ನಮ್ಮ ಗ್ರಂಥಾಲಯದಲ್ಲಿಯೇ ನೋಡೋಣ. ಮೊದಲ ವಾರ ಮೂವತ್ತು ಮಕ್ಕಳಲ್ಲಿ 27 ಮಂದಿ ಐದನೆಯ ಮುಖವನ್ನೂ 3 ಮಂದಿ ನಾಲ್ಕನೆಯದನ್ನೂ ಆರಿಸಿದರೆನ್ನಿ. ಸರಾಸರಿ 4.90. ಎರಡನೆಯ ವಾರ ಬೇರೊಬ್ಬರು ಕಥೆ ಹೇಳಿದರು; ಎಲ್ಲವೂ ಹಾಗೆಯೇ ಇದ್ದು ಒಬ್ಬ ಹುಡುಗ ಮಾತ್ರ ಐದರಿಂದ ಮೂರಕ್ಕೆ ಇಳಿದ. ಸರಾಸರಿ 4.83. ಎರಡನೆಯವರ ಕಥೆ ಕಳಪೆಯಾಯಿತೆಂದು ವರದಿ ಬರೆಯುವವರಿದ್ದಾರೆ. ಆ ಹುಡುಗನಿಗೆ ಅಂದು ಹೊಟ್ಟೆನೋವಿದ್ದಿರಬಹುದು. ಎಲ್ಲರೂ ಅಟ್ಟಕ್ಕೆ ತಲೆ ತಾಗಿಸಿಕೊಂಡು ನಿಂತಿರುವಾಗ ಯಾರು ಎತ್ತರ, ಯಾರು ಕುಳ್ಳು ಎಂದು ಹೇಳುವುದು ಹೇಗೆ?

ಬೆಳೆದವರಿಗೆ ಈ ಸಂಕೋಚ ಅಷ್ಟಿಲ್ಲ. ಆದರೆ ಅವರು ಮುಖದಲ್ಲಿ ವ್ಯಂಗ್ಯವನ್ನೂ ಓದಬಲ್ಲರು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಸಂಶೋಧಕರು 2016ರಲ್ಲಿ, ಹಲ್ಲು ತೋರಿಸಿ ನಗುವ ಎಮೋಜಿಯೊಂದು ಒಂದು ಕಂಪನಿಯ ಫೋನಿನಲ್ಲಿ ನಗುವಾಗಿಯೂ ಇನ್ನೊಂದರಲ್ಲಿ ಹಲ್ಲುಕಡಿಯುವಂತೆಯೂ ಕಾಣುತ್ತಿದ್ದುದನ್ನು ತೋರಿಸಿದರು. ಒಂದೇ ಚಿತ್ರವನ್ನು ನೋಡಿದವರಲ್ಲಿಯೂ ಒಮ್ಮತವಿರಲಿಲ್ಲ. ಆಮೇಲೆ ಚಿತ್ರವನ್ನು ತಿದ್ದಿದರು, ನಿಜ. ಆದರೂ ಅಭಿಪ್ರಾಯ ಕೇಳುವವನು ತಾನೊಂದು ಮುಖ ಕಳುಹಿಸಿ, ಉತ್ತರಿಸುವವನು ಬೇರೊಂದನ್ನು ನೋಡುವ ಸಂಭವ ಇದ್ದೇ ಇದೆ.

ಮಕ್ಕಳ ತೊಡಕಿಗೆ ಪರಿಹಾರವಾಗಿ ಇಂಗ್ಲೆಂಡಿನ ಲಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಒಂದು ಚಮತ್ಕಾರದ ಉಪಾಯವನ್ನು ಮುಂದಿಟ್ಟರು. ಐದು ಮುಖಗಳೂ ನಗುತ್ತಿರಲಿ. ಕಿರುನಗೆಯಿಂದ ತುಂಬುನಗೆಯವರೆಗೆ ನಗುವಿನ ಪ್ರಮಾಣ ಮಾತ್ರ ಬೇರೆಯಾಗಲಿ. ಹೇಗೂ ಮಕ್ಕಳು ಅಳುಮುಖದತ್ತ ಕೈಹಾಕುವುದಿಲ್ಲವಾದ್ದರಿಂದ ಐದು ಮುಖಗಳೂ ಉಪಯೋಗಕ್ಕೆ ಬಂದು, ಉತ್ತರಗಳು ಹರಡಿಕೊಂಡವು. ಆದರೆ ನಿಜವಾಗಿಯೂ ಬೇಸತ್ತ ಮಗುವಿಗೆ ಅದರಲ್ಲಿ ಸ್ಥಳವೇ ಇಲ್ಲ. ಇದೇ ಸಾಲನ್ನು ಬ್ಯಾಂಕಿನ ಬಾಗಿಲಲ್ಲಿಟ್ಟರೆ ಗ್ರಾಹಕರು ಮೋಸವೆಂದು ಕೂಗುವುದು ಖಂಡಿತ, ಕೂಗಬೇಕಾದದ್ದೂ ನ್ಯಾಯವೇ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ರೀಡ್ ಅವರ ಬಳಗವೇ ಸ್ಮೈಲಿಯೋಮೀಟರಿನ ಜೊತೆಗೆ ಕೊಟ್ಟ ಇನ್ನೆರಡು ಸರಳ ವಿಧಾನಗಳು. ಒಂದರಲ್ಲಿ, ಅನುಭವಿಸಿದ ಸಂಗತಿಗಳನ್ನು ಹೆಚ್ಚು ಇಷ್ಟವಾದದ್ದರಿಂದ ಕಡಮೆ ಇಷ್ಟವಾದದ್ದರವರೆಗೆ ಮಗು ಸಾಲಾಗಿ ಜೋಡಿಸಬೇಕು; ಎಲ್ಲವನ್ನೂ ಮೊದಲ ಸ್ಥಾನದಲ್ಲಿ ಇಡಲು ಆಗುವುದಿಲ್ಲ. ಇನ್ನೊಂದರಲ್ಲಿ, ಇದನ್ನು ಮತ್ತೆ ಮಾಡುತ್ತೀಯಾ ಎಂದು ಕೇಳಿ, ಹೌದು, ಆಗಬಹುದು, ಇಲ್ಲ ಎಂಬ ಮೂರು ಉತ್ತರಗಳನ್ನು ಮುಂದಿಡುತ್ತಾರೆ. ಪುಣ್ಯಕೋಟಿಗೆ ಅಳುವ ಮುಖ ಕೊಟ್ಟ ನಮ್ಮ ಹುಡುಗಿ ಇಲ್ಲಿ 'ಹೌದು' ಎಂದಾಳು. ಮುಖಗಳ ಚೀಟಿಯನ್ನೇ ಬಳಸಬೇಕೆನ್ನುವವರು ಒಂದು ಪರೀಕ್ಷೆ ಮಾಡಿ ನೋಡಬಹುದು: ಮಕ್ಕಳಿಗೆ ಬೇಸರ ತರುವುದೆಂದು ಗೊತ್ತಿರುವ ಒಂದು ಕಾರ್ಯಕ್ರಮವನ್ನು, ಉದಾಹರಣೆಗೆ ಗ್ರಂಥಾಲಯದ ನಿಯಮಾವಳಿಯ ವಾಚನವನ್ನು, ಮಧ್ಯೆ ಸೇರಿಸಿ ಅದಕ್ಕೂ ಚೀಟಿ ಹಂಚಬೇಕು. ಅದಕ್ಕೂ 4.90 ಬಂದರೆ ಹಿಂದಿನ ವಾರದ ಚೀಟಿಗಳನ್ನು ಕಟ್ಟಿ ಬದಿಗಿಡುವುದು ಲೇಸು.