ಮಾವಿನ ಡಬ್ಬಿಯ ಪಕ್ಕದ ನಾಲ್ಕು ಸಾಲು

ಹೊಸೂರು, ಬಾಗಲೂರು, ಡೆಂಕಣಿಕೋಟೆಯ ಕಡೆ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಗ್ರಾಫಿಕ್ ಡಿಸೈನ್ ಮಾಡುವವರಿದ್ದಾರೆ. ಮದುವೆ ಕರೆಯೋಲೆ, ಅಂಗಡಿ ಬೋರ್ಡು, ಗುಲಾಬಿ ಕಳಿಸುವವರ ಪೆಟ್ಟಿಗೆ, ಸಿಪ್ಕಾಟ್‌ನ ಕಾರ್ಖಾನೆಗಳ ಕ್ಯಾಟಲಾಗು, ಯಾವುದು ಬಂದರೂ ಮಾಡುತ್ತಾರೆ. ಬೆಂಗಳೂರಿನ ಹೊಸ ಗಿರಾಕಿಯೊಬ್ಬರು ‘ಹಿಂದೆ ಮಾಡಿದ್ದನ್ನು ಕಳಿಸಿ’ ಅಂದರೆ ಮೂವತ್ತು ಚಿತ್ರಗಳು ಒಟ್ಟಿಗೆ ವಾಟ್ಸಾಪಿನಲ್ಲಿ ಹೋಗುತ್ತವೆ. ಗಿರಾಕಿಗೆ ಕಾಣುವುದು ಬಣ್ಣ ಮತ್ತು ಅಕ್ಷರ ಅಷ್ಟೇ. ಆ ಕೆಲಸ ಯಾಕೆ ಹುಟ್ಟಿತು, ಅದರಲ್ಲಿ ನಿಮ್ಮ ಕೈ ಎಷ್ಟು, ಆಮೇಲೆ ಅದು ಏನಾಯಿತು ಎಂಬುದು ಆ ಚಿತ್ರಗಳಲ್ಲಿ ಎಲ್ಲೂ ಇರುವುದಿಲ್ಲ. ಪೋರ್ಟ್‌ಫೋಲಿಯೊ ಎಂಬುದು ಈ ಮೂರನ್ನು ಹೇಳಬೇಕು.

ನಮಗೆಲ್ಲ ಗೊತ್ತಿರುವ ಒಂದು ಕೆಲಸವನ್ನೇ ನೋಡಿ. ನಮ್ಮ ರೂಪಾಯಿಯ ಚಿಹ್ನೆಗೆ ಕೇಂದ್ರ ಸಚಿವ ಸಂಪುಟ 2010ರ ಜುಲೈ 15ರಂದು ಒಪ್ಪಿಗೆ ಕೊಟ್ಟಿತು. ಅದನ್ನು ರಚಿಸಿದವರು ತಮಿಳುನಾಡಿನವರೇ ಆದ ಡಿ. ಉದಯ ಕುಮಾರ್. ಡಾಲರಿಗೆ, ಪೌಂಡಿಗೆ ಇದ್ದಂತೆ ನಮ್ಮ ಹಣಕ್ಕೆ ತನ್ನದೇ ಗುರುತು ಇರಲಿಲ್ಲ; ‘ಆರ್‌ಎಸ್’ ಎಂಬ ಎರಡಕ್ಷರವನ್ನು ನೆರೆಯ ದೇಶಗಳೂ ಬಳಸುತ್ತಿದ್ದವು. ಇದು ಕೆಲಸದ ಹಿನ್ನೆಲೆ. ದೇವನಾಗರಿಯ ‘ರ’ವನ್ನೂ ರೋಮನ್ ‘ಆರ್’ ಅನ್ನೂ ಸೇರಿಸಿ, ಮೇಲೆ ಶಿರೋರೇಖೆ ಎಳೆದದ್ದು ರಚಿಸಿದವರ ಕೆಲಸ. ಅದೇ ವರ್ಷ ಅಕ್ಟೋಬರಿನಲ್ಲಿ ಯೂನಿಕೋಡಿನಲ್ಲಿ ಅದಕ್ಕೊಂದು ಸ್ಥಾನ ಸಿಕ್ಕಿತು, 2011ರ ನಾಣ್ಯಗಳ ಮೇಲೆ ಬಂತು. ಇದು ಫಲ. ಚಿಹ್ನೆ ಚೆನ್ನಾಗಿದೆಯೇ ಎಂದು ಎಷ್ಟು ಹೊತ್ತು ಬೇಕಾದರೂ ವಾದಿಸಬಹುದು, ಆದರೆ ಈ ಮೂರು ಸಂಗತಿಗಳ ಬಗ್ಗೆ ವಾದವೇ ಇಲ್ಲ.

ಈಗ ನಮ್ಮೂರಿನ ಕೆಲಸಕ್ಕೆ ಬರೋಣ. ಕೃಷ್ಣಗಿರಿಯ ಸುತ್ತ ಮಾವಿನ ತಿರುಳು ತೆಗೆಯುವ ಕಾರ್ಖಾನೆಗಳಿವೆ. ತೋತಾಪುರಿ, ಅಂದರೆ ಇಲ್ಲಿನವರು ಬೆಂಗಳೂರ ಎನ್ನುವ ಹಣ್ಣು, ಅವುಗಳ ಮುಖ್ಯ ಸರಕು. ಅಂಥ ಒಂದು ಕಾರ್ಖಾನೆ ಇದೆ ಎಂದುಕೊಳ್ಳಿ. ಇಷ್ಟು ದಿನ ದೊಡ್ಡ ಡ್ರಮ್ಮುಗಳಲ್ಲಿ ರಫ್ತು ಮಾಡುತ್ತಿತ್ತು, ಈಗ 850 ಗ್ರಾಂ ಡಬ್ಬಿಯನ್ನು ಹೊಸೂರು ಮತ್ತು ಬೆಂಗಳೂರಿನ ಅಂಗಡಿಗಳಿಗೆ ಇಳಿಸಬೇಕು. ನೀವು ಆ ಲೇಬಲ್ ಮಾಡಿದ್ದೀರಿ. ಚಿತ್ರದ ಪಕ್ಕದಲ್ಲಿ ಏನು ಬರೆಯುತ್ತೀರಿ?

‘ಆಕರ್ಷಕ, ಆಧುನಿಕ ಲೇಬಲ್’ ಎಂದು ಬರೆದರೆ ಏನನ್ನೂ ಹೇಳಿದಂತಾಗಲಿಲ್ಲ. ಹಿನ್ನೆಲೆಯಲ್ಲಿ ತೊಡಕು ಇರಬೇಕು. ಹೀಗೆ ಬರೆಯಬಹುದು: ‘ಹಳೆಯ ಲೇಬಲ್ಲಿನಲ್ಲಿ ಹಳದಿಯ ಮೇಲೆ ಚಿನ್ನದ ಬಣ್ಣದ ಸಣ್ಣ ಅಕ್ಷರ, ದೂರದಿಂದ ಓದಲಾಗುತ್ತಿರಲಿಲ್ಲ. ಕಾನೂನಿನ ವಿವರಗಳು ಇಂಗ್ಲಿಷಿನಲ್ಲಿದ್ದವು, ಹೆಸರು ಮಾತ್ರ ತಮಿಳು ಮತ್ತು ಕನ್ನಡ ಎರಡರಲ್ಲೂ ಬೇಕಿತ್ತು. ಡಬ್ಬಿ ದುಂಡಗಿರುವುದರಿಂದ ಕಪಾಟಿನಲ್ಲಿ ಎದುರಿಗೆ ಕಾಣುವುದು ಸುತ್ತಳತೆಯ ಸುಮಾರು ಮೂರನೇ ಒಂದು ಭಾಗ.’ ಇಷ್ಟು ಓದಿದ ಮೇಲೆ ಗಿರಾಕಿ ಚಿತ್ರವನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಯಾವುದಕ್ಕೆ ಉತ್ತರ ಹುಡುಕಬೇಕಿತ್ತು ಎಂಬುದು ಅವರಿಗೆ ಈಗ ಗೊತ್ತು. ಹಳೆಯ ಲೇಬಲ್ಲಿನ ಚಿತ್ರವೂ ಪಕ್ಕದಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ನಿಮ್ಮ ಪಾತ್ರದ ವಿಚಾರದಲ್ಲಿ ನಾನು ಬಹಳ ಕಟ್ಟುನಿಟ್ಟು. ಹಣ್ಣಿನ ಫೋಟೊ ಇನ್ನೊಬ್ಬರು ತೆಗೆದಿದ್ದಾರೆ, ತಮಿಳು ಮಾತು ಕಾರ್ಖಾನೆಯವರು ಕೊಟ್ಟಿದ್ದಾರೆ, ಮುದ್ರಣ ಶಿವಕಾಶಿಯ ಪ್ರೆಸ್ಸಿನಲ್ಲಿ ಆಗಿದೆ ಅಂದರೆ ಹಾಗೆಂದೇ ಬರೆಯಿರಿ. ಹಾಗೆ ಬರೆದಾಗಲೇ ನೀವು ನಿಜವಾಗಿ ಮಾಡಿದ್ದು ಎದ್ದು ಕಾಣುತ್ತದೆ. ಈ ಲೇಬಲ್ಲಿನಲ್ಲಿ ಅದು ಎರಡು ಲಿಪಿಗಳ ಹೊಂದಾಣಿಕೆ. ತಮಿಳಿನಲ್ಲಿ ನಮ್ಮ ಹಾಗೆ ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಸಾಲುಗಳನ್ನು ಒತ್ತಾಗಿ ಇಡಬಹುದು. ಕನ್ನಡದ ‘ಮಾವಿನ ಹಣ್ಣಿನ ತಿರುಳು’ ಎಂಬಲ್ಲಿ ಣ-ಒತ್ತು ಕೆಳಗಿನ ಸಾಲಿಗೆ ತಗಲುತ್ತದೆ. ಎರಡಕ್ಕೂ ಒಂದೇ ಅಂತರ ಕೊಟ್ಟರೆ ಕನ್ನಡ ಇಕ್ಕಟ್ಟಾಗುತ್ತದೆ, ಕನ್ನಡಕ್ಕೆ ಬೇಕಾದಷ್ಟು ಕೊಟ್ಟರೆ ತಮಿಳು ಚದುರಿದಂತೆ ಕಾಣುತ್ತದೆ. ನೀವು ಎರಡಕ್ಕೂ ಬೇರೆಬೇರೆ ಅಂತರ ಇಟ್ಟು ಕಣ್ಣಿಗೆ ಸಮ ಮಾಡಿದಿರಿ. ಇನ್ನೊಂದು, ನಿಮ್ಮ ಫಾಂಟು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಒತ್ತಕ್ಷರಗಳು ಕಳಚಿಬಿದ್ದು ಪದವೇ ಒಡೆಯುತ್ತದೆ. ಅದಕ್ಕಾಗಿ ಅಕ್ಷರಗಳನ್ನು ಕರ್ವ್ಸ್‌ಗೆ ಪರಿವರ್ತಿಸಿ ಕಳಿಸಿದಿರಿ, ಪ್ರೂಫ್ ತರಿಸಿ ಪ್ರತಿ ಅಕ್ಷರ ನೋಡಿದಿರಿ. ಎರಡು ಭಾಷೆಯಲ್ಲಿ ಪ್ಯಾಕೆಟ್ ಮಾಡಿಸಬೇಕಾದ ಯಾವ ಗಿರಾಕಿಗೂ ಈ ಎರಡು ವಾಕ್ಯ ಮೂವತ್ತು ಚಿತ್ರಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಫಲ ಬರೆಯುವಲ್ಲಿ ಎಡವುವವರು ಹೆಚ್ಚು. ‘ಹೊಸ ಲೇಬಲ್ಲಿನಿಂದ ಮಾರಾಟ ನಲವತ್ತು ಪರ್ಸೆಂಟ್ ಏರಿತು’ ಎಂದು ಬರೆಯುವ ಆಸೆ ಯಾರಿಗಾದರೂ ಬರುತ್ತದೆ. ಮಾವಿನ ಮರ ಒಂದು ವರ್ಷ ಹೇರಳವಾಗಿ ಬಿಟ್ಟರೆ ಮರುವರ್ಷ ಕಡಿಮೆ ಬಿಡುವುದುಂಟು. ಫಸಲು ಜಾಸ್ತಿಯಾದ ವರ್ಷ ಹಣ್ಣಿನ ಬೆಲೆ ಇಳಿಯುತ್ತದೆ, ಡಬ್ಬಿ ಅಗ್ಗವಾಗುತ್ತದೆ, ಮಾರಾಟ ಏರುತ್ತದೆ. ಹೊಸ ವಿತರಕ ಸೇರಿಕೊಂಡರೂ ಏರುತ್ತದೆ. ಇದರಲ್ಲಿ ಲೇಬಲ್ಲಿನ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲು ನಿಮ್ಮಲ್ಲಿ ಆಧಾರವಿಲ್ಲ. ವ್ಯಾಪಾರ ಬಲ್ಲ ಗಿರಾಕಿ ಮೊದಲು ಕೇಳುವುದೇ ‘ಆ ವರ್ಷ ಬೆಲೆ ಎಷ್ಟಿತ್ತು?’ ಎಂದು. ಉತ್ತರ ಇಲ್ಲದಿದ್ದರೆ ಉಳಿದ ಪುಟಗಳನ್ನೂ ಅವರು ನಂಬುವುದಿಲ್ಲ.

ನಿಮ್ಮ ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ. ಎರಡನೇ ಪ್ರೂಫಿಗೇ ಒಪ್ಪಿಗೆ ಸಿಕ್ಕಿತೇ? ಮುಂದಿನ ಸೀಸನ್ನಿಗೆ ಅದೇ ಲೇಬಲ್ಲನ್ನು ಏನೂ ತಿದ್ದದೆ ಮತ್ತೆ ಅಚ್ಚು ಹಾಕಿಸಿದರೇ? ಹಳೆಯದನ್ನೂ ಹೊಸದನ್ನೂ ಕಪಾಟಿನಲ್ಲಿಟ್ಟು ಆರಡಿ ದೂರದಿಂದ ಐದಾರು ಜನರಿಗೆ ತೋರಿಸಿದಾಗ ಹೆಸರು ಎಷ್ಟು ಮಂದಿಗೆ ಓದಲಾಯಿತು? ಇದೇ ಕಾರ್ಖಾನೆ ನಿಮಗೆ ಇನ್ನೊಂದು ಕೆಲಸ ಕೊಟ್ಟಿತೇ? ಇವು ಚಿಕ್ಕ ಸಂಗತಿಗಳು, ಆದರೆ ಗಿರಾಕಿ ಕಾರ್ಖಾನೆಗೆ ಫೋನು ಮಾಡಿ ವಿಚಾರಿಸಿದರೂ ನಿಲ್ಲುತ್ತವೆ. ಇವನ್ನು ತಿಳಿಯಬೇಕಾದರೆ ಕೆಲಸ ಮುಗಿದು ಹಣ ಬಂದ ಮೇಲೂ ಸಂಪರ್ಕ ಇಟ್ಟುಕೊಳ್ಳಬೇಕು. ಮೂರು ತಿಂಗಳ ಬಳಿಕ ಒಮ್ಮೆ ಫೋನು ಮಾಡಿ ‘ಲೇಬಲ್ಲು ಹೇಗಿದೆ ಸಾರ್, ಏನಾದರೂ ಬದಲಾಯಿಸಬೇಕಾಯಿತೇ?’ ಎಂದು ಕೇಳಿ. ಏನೋ ತಪ್ಪಿದೆ ಎಂದರೂ ಸರಿ, ಅದನ್ನೂ ತಿದ್ದಿದ ಬಗೆಯನ್ನೂ ಬರೆಯಬಹುದು.

ಕಾರ್ಖಾನೆಗಳಿಗೆ ಕೆಲಸ ಮಾಡುವವರಿಗೆ ಮತ್ತೊಂದು ಮಾತು. ಇನ್ನೂ ಮಾರುಕಟ್ಟೆಗೆ ಬಾರದ ಯಂತ್ರದ ಕ್ಯಾಟಲಾಗು ನಿಮ್ಮ ಕೈಯಲ್ಲಿದ್ದರೆ ಅದನ್ನು ತೋರಿಸುವ ಹಾಗಿಲ್ಲ, ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರುತ್ತೀರಿ. ಸಂಬಳಕ್ಕಿದ್ದಾಗ ಮಾಡಿದ ಕೆಲಸದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಮಾಲೀಕರದು. ಹೊರಗಿನಿಂದ ಮಾಡಿಕೊಡುವವರು ಕೊಟೇಶನ್ನಿನಲ್ಲೇ ‘ಮುದ್ರಣವಾದ ಮೇಲೆ ಈ ಕೆಲಸವನ್ನು ನನ್ನ ಮಾದರಿಗಳಲ್ಲಿ ತೋರಿಸಬಹುದು’ ಎಂಬ ಸಾಲು ಸೇರಿಸಿ ಸಹಿ ಮಾಡಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಕೇಳಿದರೆ ಒಪ್ಪಿಗೆ ಕಷ್ಟ. ಅನುಮತಿ ಸಿಗದಿದ್ದರೆ ಹೆಸರು ಬಿಟ್ಟು ‘ಹೊಸೂರಿನ ಒಂದು ಬಿಡಿಭಾಗ ಕಾರ್ಖಾನೆ’ ಎಂದಷ್ಟೇ ಹೇಳಿ, ತೊಡಕನ್ನೂ ನಿಮ್ಮ ಪರಿಹಾರವನ್ನೂ ಮಾತಿನಲ್ಲಿ ವಿವರಿಸಿ. ಅಂಥ ಕೆಲಸಕ್ಕೆ ಚಿತ್ರವೇ ಬೇಡ.

ಹೀಗೆ ಬರೆದ ಐದಾರು ಕೆಲಸ ಸಾಕು. ಅವುಗಳ ಕ್ರಮ ಮಾತ್ರ ಪ್ರತಿ ಸಲ ಬದಲಾಗಬೇಕು. ಬೆಂಗಳೂರಿನ ಉಪ್ಪಿನಕಾಯಿ ತಯಾರಕರು ಕೇಳಿದರೆ ಮಾವಿನ ಡಬ್ಬಿ ಮೊದಲ ಪುಟಕ್ಕೆ ಬರಲಿ, ಪಂಪ್ ತಯಾರಿಸುವವರು ಕೇಳಿದರೆ ಕ್ಯಾಟಲಾಗು ಬರಲಿ. ಪಿಡಿಎಫ್ ಮಾಡಿ ಕಳಿಸುವ ಮುನ್ನ ನಿಮ್ಮ ಮೊಬೈಲಿನಲ್ಲೇ ತೆರೆದು ನೋಡಿ. ಗಿರಾಕಿ ನೋಡುವುದು ಬಹುಮಟ್ಟಿಗೆ ಅಲ್ಲೇ, ಲೇಬಲ್ಲಿನ ಪಕ್ಕದ ಆ ನಾಲ್ಕು ಸಾಲು ಹಿಗ್ಗಿಸದೆ ಓದಲು ಬರುವಷ್ಟು ದೊಡ್ಡದಾಗಿರಬೇಕು.